ಒಂದು ಸಾಲಿನ ಕಾರಣ

ಅವಳಿಗೂ ಒಂದು ಹೆಸರಿತ್ತು. ಆದರೆ ಸಂಬಳದ ಚೀಟಿಯೊಂದನ್ನು ಬಿಟ್ಟರೆ ಆ ಆಸ್ಪತ್ರೆಯಲ್ಲಿ ಅದನ್ನು ಬಳಸುವವರೇ ಇರಲಿಲ್ಲ. ವಾರ್ಡಿನ ಆಯಾಗಳಿಂದ ಹಿಡಿದು ದೊಡ್ಡ ಡಾಕ್ಟರವರೆಗೆ ಎಲ್ಲರ ಬಾಯಲ್ಲೂ ಅವಳು ‘ಮೂರು ಕೊಟೇಶನ್’. ಖರೀದಿ ವಿಭಾಗ ನೋಡಿಕೊಳ್ಳುವವಳು; ಪೊರಕೆ ಬೇಕೆಂದರೂ ಮೂರು ಕಡೆ ದರ ಕೇಳದೆ ಸಹಿ ಹಾಕುವವಳಲ್ಲ. ‘ನಿಮ್ಮ ಯಜಮಾನರನ್ನೂ ಮೂರು ಕೊಟೇಶನ್ ತರಿಸಿಯೇ ಆರಿಸಿದ್ದಾ?’ ಎಂದು ಯಾರಾದರೂ ಚುಡಾಯಿಸಿದರೆ, ‘ಅದೊಂದರಲ್ಲೇ ತರಿಸಲಿಲ್ಲ ನೋಡಿ, ಅದಕ್ಕೇ ಈಗ ಇಷ್ಟು ಎಚ್ಚರ’ ಎನ್ನುತ್ತಿದ್ದಳು.

ಆ ಮಂಗಳವಾರ ಮಾತ್ರ ಅವಳ ಬಾಯಿಂದ ಒಂದು ತಮಾಷೆಯೂ ಹೊರಡಲಿಲ್ಲ. ಗಂಟೆ ಹನ್ನೆರಡೂವರೆ. ಮೇಜಿನ ಮೇಲೆ ಮೂರು ಫೈಲು. ಆಸ್ಪತ್ರೆಯ ಹಾಸಿಗೆ ಬಟ್ಟೆ, ಆಪರೇಶನ್ ಗೌನು, ಟವೆಲು ಎಲ್ಲವನ್ನೂ ಒಗೆದುಕೊಡುವ ಎರಡು ವರ್ಷದ ಕೆಲಸಕ್ಕೆ ಮೂರು ಲಾಂಡ್ರಿಗಳು ಪ್ರಸ್ತಾವ ಕೊಟ್ಟಿದ್ದವು. ಪರಿಶೀಲನೆ ಮುಗಿದಿತ್ತು. ಕೆಲಸ ಯಾರಿಗೆ ಎಂಬುದು ಟಿಪ್ಪಣಿಯ ಕೊನೆಯ ಹಾಳೆಯಲ್ಲಿತ್ತು. ಅದರ ಕೆಳಗೆ ಆಡಳಿತಾಧಿಕಾರಿಯ ಸಹಿ ಮಾತ್ರ ಬಿದ್ದಿರಲಿಲ್ಲ. ಸಹಿ ಬೀಳುವ ಮುಂಚೆ ಯಾರಿಗೂ ಏನೂ ಹೇಳುವಂತಿರಲಿಲ್ಲ.

ಮೂರು ಗಂಟೆಗೆ, ಆ ಮೂರು ಲಾಂಡ್ರಿಗಳಲ್ಲಿ ಒಂದರ ಒಡತಿಯಾದ ಲಾಂಡ್ರಿ ಅಕ್ಕ ಎರಡನೇ ಡ್ರೈಯರ್‌ಗೆ ಕರಾರು ಬರೆದುಕೊಡುವವಳಿದ್ದಳು. ಈ ಆಸ್ಪತ್ರೆಯ ಕೆಲಸ ತನಗೇ ಬಂತೆಂದು ನಂಬಿ.

ಅದು ಅವಳಿಗೆ ಬಂದಿರಲಿಲ್ಲ.

ಹಿಂದಿನ ದಿನವಷ್ಟೇ ಅಕ್ಕ ಫೋನು ಮಾಡಿದ್ದಳು. ಹಿಂದೆ ಮೆಷಿನ್ನುಗಳ ಗಡಗಡ ಸದ್ದು, ಅದರ ಮೇಲೆ ಅವಳ ದೊಡ್ಡ ಗಂಟಲು: ‘ಮೇಡಂ, ನಾಳೆ ಮೂರಕ್ಕೆ ಮೆಷಿನ್ ಕಂಪನಿಯವರು ಬರ್ತಾರೆ. ನಿಮ್ಮ ಬೆಡ್‌ಶೀಟ್ ಎಷ್ಟು ಬಂದ್ರೂ ಒಣಗಿಸೋ ಹಂಗೆ ದೊಡ್ಡದೇ ತಗೋತಾ ಇದ್ದೀನಿ.’

‘ಅಕ್ಕ, ಇನ್ನೂ ತೀರ್ಮಾನ ಆಗಿಲ್ಲ. ಕಾಗದ ಕೈಗೆ ಬರೋವರೆಗೂ ಏನೂ ಮಾಡಬೇಡಿ.’

‘ಅಯ್ಯೋ ನಿಮ್ಮ ಕಾಗದ! ನೀವು ಅವತ್ತು ಇಲ್ಲಿ ನಿಂತು ಏನಂದ್ರಿ ಅಂತ ನಂಗೆ ಮರೆತುಹೋಯ್ತಾ?’ ನಗುತ್ತಲೇ ಇಟ್ಟುಬಿಟ್ಟಿದ್ದಳು.

ಅವತ್ತು ತಾನು ಏನಂದಿದ್ದೆ ಎಂಬುದು ಮೂರು ಕೊಟೇಶನ್‌ಗೂ ಮರೆತಿರಲಿಲ್ಲ. ನಿನ್ನೆಯಿಂದ ಅವಳನ್ನು ಚುಚ್ಚುತ್ತಿದ್ದದ್ದೇ ಆ ಮಾತು.

ಮೂರು ವಾರದ ಹಿಂದೆ ಅವಳೂ ಸೋಂಕು ನಿಯಂತ್ರಣದ ಸಿಸ್ಟರೂ ಹೌಸ್‌ಕೀಪಿಂಗ್ ಸೂಪರ್‌ವೈಸರೂ ಮೂರೂ ಲಾಂಡ್ರಿಗಳನ್ನು ನೋಡಿ ಬಂದಿದ್ದರು. ಅಕ್ಕನ ಶೆಡ್ಡಿಗೆ ಹೋದಾಗ ನೆಲ ತೊಳೆದು ಇಟ್ಟಿತ್ತು. ಹನ್ನೆರಡು ಜನ ಹೆಂಗಸರು ತಲೆಗೆ ಬಟ್ಟೆ ಕಟ್ಟಿಕೊಂಡು, ಅಂಚಿಗೆ ಅಂಚು ಕೂಡಿಸಿ, ಬೆಡ್‌ಶೀಟುಗಳನ್ನು ಇಸ್ತ್ರಿ ಪೆಟ್ಟಿಗೆಯೇ ನಾಚುವಂತೆ ಮಡಚುತ್ತಿದ್ದರು. ಹೊಲಿಗೆ ಬಿಟ್ಟ ಕಡೆ ಕೇಳದೆಯೇ ಹೊಲಿದಿದ್ದರು. ಇಪ್ಪತ್ತು ಶೀಟು ಪರೀಕ್ಷೆಗೆ ಕೊಟ್ಟಿದ್ದರೆ ಇಪ್ಪತ್ತರಲ್ಲೂ ಒಂದು ಕಲೆ ಉಳಿದಿರಲಿಲ್ಲ. ಅದನ್ನೆಲ್ಲ ನೋಡಿ ಅವಳಿಗೆ ತಡೆಯಲಾಗದೆ, ‘ಎಷ್ಟು ಚೆನ್ನಾಗಿ ಇಟ್ಕೊಂಡಿದ್ದೀರಿ ಅಕ್ಕ, ಥೇಟ್ ಮನೆ ಥರ!’ ಎಂದುಬಿಟ್ಟಿದ್ದಳು. ಅಕ್ಕನ ಮುಖ ಅರಳಿತ್ತು. ಸಿಸ್ಟರು ಅವಳ ಮೊಣಕೈ ತಿವಿದಿದ್ದರು. ತಿವಿದದ್ದು ತಡವಾಗಿತ್ತು.

ಅದಾದ ಐದೇ ನಿಮಿಷಕ್ಕೆ ಅವಳ ಕಣ್ಣಿಗೆ ಬುಟ್ಟಿ ಬಿದ್ದಿತ್ತು.

ದೊಡ್ಡ ಗಾಲಿ ಬುಟ್ಟಿ. ವ್ಯಾನಿನಿಂದ ಕೊಳೆ ಬಟ್ಟೆ ತುಂಬಿಕೊಂಡು ಮುಂದಿನ ಬಾಗಿಲಿಂದ ಒಳಗೆ ಬಂತು. ಮೆಷಿನ್ನಿಗೆ ಸುರಿದದ್ದಾಯಿತು. ಒಬ್ಬಾಕೆ ಒದ್ದೆ ಬಟ್ಟೆಯಿಂದ ಬುಟ್ಟಿಯನ್ನು ಒಳಗೂ ಹೊರಗೂ ಚೊಕ್ಕವಾಗಿ ಒರೆಸಿದಳು. ಆಮೇಲೆ ಅದೇ ಬುಟ್ಟಿಗೆ ಮಡಚಿದ ಶೀಟು ತುಂಬಿ, ಅದೇ ಬಾಗಿಲಿಂದ, ಅದೇ ವ್ಯಾನಿಗೆ ತಳ್ಳಿದಳು.

ಜತೆಗೆ ಬಂದಿದ್ದ ಹೌಸ್‌ಕೀಪಿಂಗ್ ಸೂಪರ್‌ವೈಸರ್ ಮೆಷಿನ್ನಿನ ಮಾಡೆಲ್ ನಂಬರು ಬರೆದುಕೊಳ್ಳುತ್ತಿದ್ದ. ಆತನಿಗೆ ಬುಟ್ಟಿ ಕಾಣಲೇ ಇಲ್ಲ. ಕಾಣುವುದು ಹೇಗೆ? ಆತ ಜನ್ಮದಲ್ಲಿ ಬಟ್ಟೆಯ ಬುಟ್ಟಿ ಎತ್ತಿದವನಲ್ಲ. ಅವಳಿಗೆ ಕಂಡದ್ದು, ಇಪ್ಪತ್ತೆರಡು ವರ್ಷದಿಂದ ದಿನವೂ ಬೆಳಿಗ್ಗೆ ಅವಳೇ ಮನೆಯಲ್ಲಿ ಅದನ್ನು ಮಾಡುತ್ತಿದ್ದುದರಿಂದ: ಗಂಡನ ಶರಟು, ಮಗಳ ಯೂನಿಫಾರ್ಮು, ಅತ್ತೆಯ ಸೀರೆ ಎಲ್ಲವನ್ನೂ ಒಂದು ಬುಟ್ಟಿಯಲ್ಲಿ ಹೊತ್ತು ಕೆಳಗೆ, ಒಗೆದು, ಬುಟ್ಟಿ ಒರೆಸಿ, ಅದರಲ್ಲೇ ಹೊತ್ತು ಮೇಲೆ ಮಹಡಿಗೆ. ಮನೆಗೆ ಅದು ಸಾಕು. ಹೊಟ್ಟೆ ಕೊಯ್ಸಿಕೊಂಡು ಮಲಗಿದ ರೋಗಿಗೆ ಸಾಲದು. ಒರೆಸಿದರೆ ಕೊಳೆ ಹೋಗುತ್ತದೆ, ಸೋಂಕು ಹೋಗುವುದಿಲ್ಲ. ಆಸ್ಪತ್ರೆಯ ನಿಬಂಧನೆಯ ನಾಲ್ಕನೇ ಪುಟದಲ್ಲಿ ಅದು ಕಡ್ಡಾಯವೆಂದೇ ಬರೆದಿತ್ತು: ಕೊಳೆ ಬಟ್ಟೆಯ ದಾರಿ, ಒಗೆದ ಬಟ್ಟೆಯ ದಾರಿ ಬೇರೆ ಬೇರೆ ಇರಬೇಕು, ಬುಟ್ಟಿಗಳೂ ಬೇರೆ. ಇದೊಂದು ಇಲ್ಲದಿದ್ದರೆ ಉಳಿದದ್ದಕ್ಕೆ ಅಂಕವೇ ಇಲ್ಲ, ದರದ ಲಕೋಟೆಯನ್ನೂ ತೆರೆಯುವುದಿಲ್ಲ. ಅಕ್ಕನ ಫಾರಮ್ಮಿನಲ್ಲಿ ಆ ಸಾಲಿನ ಎದುರು ‘ಹೌದು’ ಎಂದು ಗುರುತು ಹಾಕಿತ್ತು. ಸುಳ್ಳು ಹೇಳಬೇಕೆಂದಲ್ಲ. ದಿನವೂ ಒರೆಸುತ್ತೇವಲ್ಲ, ಅಂದಮೇಲೆ ಬೇರೆ ಆದಂತೆಯೇ ಅಲ್ಲವೇ ಎಂದುಕೊಂಡಿರಬೇಕು.

ಅವತ್ತೇ ಬಾಯಿ ಬಿಡಬೇಕಿತ್ತೇ? ಪರಿಶೀಲನೆ ನಡೆಯುತ್ತಿರುವಾಗ ಒಬ್ಬರಿಗೆ ಮಾತ್ರ ತಪ್ಪು ತೋರಿಸಿಕೊಡುವುದು ಉಳಿದಿಬ್ಬರಿಗೆ ಮಾಡುವ ಮೋಸ. ಹಾಗಾಗಿ ಸುಮ್ಮನಿದ್ದಳು. ತಪ್ಪು ಹೇಳದೆ ಇದ್ದದ್ದು ಸರಿಯೇ. ಹೊಗಳಿಕೆಯನ್ನೂ ಹೇಳದೆ ಇರಬೇಕಿತ್ತು.

ಒಂದು ಗಂಟೆಗೆ ಆಡಳಿತಾಧಿಕಾರಿ ಒಳಗೆ ಕರೆದರು. ಟಿಪ್ಪಣಿಯನ್ನು ಓದಿದರು, ಸಹಿ ಹಾಕಿದರು. ಆಮೇಲೆ ಅವಳು ಬರೆದಿದ್ದ ಎರಡು ನಿರಾಕರಣೆ ಪತ್ರಗಳನ್ನು ಕೈಗೆತ್ತಿಕೊಂಡು ಮೂಗಿನ ಮೇಲೆ ಕನ್ನಡಕ ಇಳಿಸಿದರು.

‘ಇದೇನಮ್ಮ, ಕಾರಣ ಬೇರೆ ಬರೆದಿದ್ದೀಯ?’

‘ಒಂದೇ ಸಾಲು ಸಾರ್.’

‘ಒಂದು ಸಾಲು ಬರೆದ್ರೆ ಅವರು ಹತ್ತು ಸಾಲು ಜಗಳ ತರ್ತಾರೆ. ನಮ್ಮಲ್ಲಿ ಯಾವಾಗ್ಲೂ ಬರೆಯೋದಿದೆಯಲ್ಲ, “ತಮ್ಮ ಪ್ರಸ್ತಾವ ಸದ್ಯದ ಅಗತ್ಯಗಳಿಗೆ ಹೊಂದಿಕೆಯಾಗುವುದಿಲ್ಲ.” ಮೆತ್ತಗಿರುತ್ತೆ.’

ಸದ್ಯ. ಆ ಪದ ಕೇಳಿದ್ದೇ ಅವಳ ಕಿವಿ ಬಿಸಿಯಾಯಿತು. ಹಾಸಿಗೆ ಬಟ್ಟೆಯ ಉಗ್ರಾಣದಲ್ಲಿ ಶೀಟು ಎಣಿಸುವ ಕೆಲಸಕ್ಕೆ ಸೇರಿ, ಅಂಚೆ ಮೂಲಕ ಓದಿ, ಒಂದೊಂದೇ ಮೆಟ್ಟಿಲು ಹತ್ತಿ ಈ ಕುರ್ಚಿಗೆ ಬಂದವಳು ಅವಳು. ಮೇಲಿನ ಹುದ್ದೆಗೆ ಎರಡು ಸಲ ಅರ್ಜಿ ಹಾಕಿದ್ದಳು. ಎರಡು ಸಲವೂ ‘ಸದ್ಯಕ್ಕೆ ಸಾಧ್ಯವಿಲ್ಲ.’ ಯಾಕೆಂದು ಯಾರೂ ಹೇಳಲಿಲ್ಲ. ಕಂಪ್ಯೂಟರ್ ಬಾರದ್ದಕ್ಕಿರಬೇಕು ಎಂದುಕೊಂಡು ಆರು ತಿಂಗಳು, ಮನೆಯವರಿಗೆಲ್ಲ ಊಟ ಬಡಿಸಿಟ್ಟು, ಸಂಜೆ ಕ್ಲಾಸಿಗೆ ಹೋಗಿದ್ದಳು. ಎರಡನೆಯ ಸಲ, ಇಂಗ್ಲಿಷ್ ಸರಿಯಿಲ್ಲದ್ದಕ್ಕಿರಬೇಕು ಎಂದುಕೊಂಡು ಅದಕ್ಕೂ ಒಂದು ವರ್ಷ ಕೊಟ್ಟಳು. ನಿಜವಾದ ಕಾರಣ ಇವತ್ತಿಗೂ ಗೊತ್ತಿಲ್ಲ. ಗೊತ್ತಿಲ್ಲದ ಕಾರಣವನ್ನು ಸರಿಪಡಿಸುತ್ತಾ ಒಂದೂವರೆ ವರ್ಷ ಸವೆಸಿದ್ದಳು.

‘ಸಾರ್, ಹೀಗೆ ಬರೆದ್ರೆ ಆಕೆ ಏನಂದ್ಕೋತಾಳೆ ಹೇಳಿ? ನನ್ನ ಮೆಷಿನ್ ಸಾಲದು ಅಂದ್ಕೋತಾಳೆ. ಇವತ್ತು ಮೂರು ಗಂಟೆಗೆ ದೊಡ್ಡ ಡ್ರೈಯರ್‌ಗೆ ಕರಾರು ಬರೆದುಕೊಡ್ತಾಳೆ. ಮುಂದಿನ ಸಲವೂ ಅದೇ ಬುಟ್ಟಿ ಇಟ್ಕೊಂಡೇ ಬರ್ತಾಳೆ.’

‘ಅದು ಆಕೆ ಪಾಡು.’

‘ಕಿಟಕಿ ಪರದೆ ಈಗಲೂ ಆಕೆಯೇ ಒಗೆಯೋದು. ಹೋದ ವರ್ಷ ಈಗ ನಮ್ಮ ಶೀಟು ಒಗೆಯೋ ದೊಡ್ಡ ಲಾಂಡ್ರಿಯವರ ವ್ಯಾನುಗಳು ನಾಲ್ಕು ದಿನ ಬರಲಿಲ್ಲ. ನಮ್ಮ ವಾರ್ಡಿಗೆ ಶೀಟು ಎಲ್ಲಿಂದ ಬಂತು ಸಾರ್? ಆಕೆಯ ಹೆಂಗಸರು ಹೆಗಲ ಮೇಲೆ ಹೊತ್ತು ತಂದ್ರು. ನಾಳೆ ಮತ್ತೆ ಬೇಕಾದ್ರೆ ಯಾವ ಮುಖ ಹೊತ್ತು ಕೇಳೋದು?’

ಆಡಳಿತಾಧಿಕಾರಿ ಪೆನ್ನಿನ ತುದಿಯಿಂದ ಮೇಜು ಕುಟ್ಟಿದರು. ಗೋಡೆ ಗಡಿಯಾರ ಒಂದೂಕಾಲು ತೋರಿಸುತ್ತಿತ್ತು.

‘ಬೇರೆಯವರ ದರ, ಅಂಕ ಏನೂ ಬಾಯಿಬಿಡೋ ಹಾಗಿಲ್ಲ.’

‘ಇಲ್ಲ ಸಾರ್. ಅವರವರ ಕಾರಣ ಅವರವರಿಗೆ. ಇಬ್ಬರಿಗೂ ಇವತ್ತೇ, ಒಂದೇ ಅಳತೆಯಲ್ಲಿ.’

‘ಆಸೆ ಹುಟ್ಟಿಸೋ ಹಾಗೂ ಇಲ್ಲ.’

‘ಇಲ್ಲ.’

‘ಗಲಾಟೆಯಾದ್ರೆ ನಿನ್ನ ತಲೆ ಮೇಲೆ’ ಎಂದು ಪತ್ರಗಳಿಗೂ ಸಹಿ ಮಾಡಿದರು.

ಹೊರಗೆ ಬಂದವಳೇ ಫೋನು ಹಿಡಿದಳು. ಸೋತ ಇನ್ನೊಬ್ಬರು ಒಂದು ದೊಡ್ಡ ಕಂಪನಿಯವರು. ಅವರ ಮ್ಯಾನೇಜರು ಕಾರಣ ಕೇಳಿಸಿಕೊಂಡು, ‘ಭಾನುವಾರ ವ್ಯಾನು ಕಳಿಸಲ್ಲ ಅಂದದ್ದಕ್ಕಾ? ಸರಿ ಮೇಡಂ, ಹೇಳಿದ್ರಲ್ಲ, ಥ್ಯಾಂಕ್ಸ್’ ಎಂದು ಎರಡು ನಿಮಿಷದಲ್ಲಿ ಮುಗಿಸಿದ. ಅಕ್ಕನ ಫೋನು ಬಡಿದುಕೊಳ್ಳುತ್ತಲೇ ಇತ್ತು, ಎತ್ತುವವರಿಲ್ಲ. ಮೆಷಿನ್ನು ಓಡುತ್ತಿರುವಾಗ ಅವಳಿಗೆ ಫೋನು ಕೇಳಿಸುವುದಿಲ್ಲವೆಂಬುದು ಊರಿಗೇ ಗೊತ್ತು. ಐದು ಸಲ ಮಾಡಿದಳು. ಎರಡು ಗಂಟೆಯಾಯಿತು.

ಸೋತವರ ಬಾಗಿಲಿಗೆ ಖರೀದಿ ವಿಭಾಗದವರು ಒಬ್ಬರೇ ಹೋಗಬಾರದೆಂಬ ಪದ್ಧತಿ ಇತ್ತು. ಅವಳು ಸಿಸ್ಟರ ಕೋಣೆಗೆ ಹೋಗಿ ನಿಂತಳು. ಸಿಸ್ಟರು ಊಟದ ಡಬ್ಬಿ ತೆರೆಯುತ್ತಿದ್ದರು.

‘ಸಿಸ್ಟರ್, ಬನ್ನಿ. ಪತ್ರ ಕೊಟ್ಟು ಬರೋಣ.’

‘ಅಂಚೆಯವರಿಗೆ ಏನು ಕೆಲಸ ಮತ್ತೆ?’

‘ಅಂಚೆ ನಾಡಿದ್ದು ತಲುಪುತ್ತೆ. ಮೆಷಿನ್‌ನವನು ಮೂರಕ್ಕೆ ಬರ್ತಾನೆ.’

ಸಿಸ್ಟರು ಅವಳ ಮುಖ ನೋಡಿ ಡಬ್ಬಿಯ ಮುಚ್ಚಳ ಹಾಕಿದರು. ‘ಥೇಟ್ ಮನೆ ಥರ ಅಂದಿದ್ದೆಯಲ್ಲ, ಈಗ ಅನುಭವಿಸು. ನಡಿ.’

ಇಬ್ಬರೂ ಬಸ್ಸು ಹತ್ತಿದರು. ಹೇಳಬೇಕಾದ ಮಾತನ್ನು ಅವಳು ಮನಸ್ಸಿನಲ್ಲೇ ಮಡಚಿ ಮಡಚಿ ಚಿಕ್ಕದು ಮಾಡುತ್ತಿದ್ದಳು. ಮೊದಲು ಕುಶಲ ವಿಚಾರಿಸಬೇಕು ಎಂದುಕೊಂಡಳು. ಬೇಡ. ಮೊದಲು ನಿಮ್ಮ ಮಡಿಕೆ ಚೆನ್ನಾಗಿದೆ ಅನ್ನಬೇಕು ಎಂದುಕೊಂಡಳು. ಅದಂತೂ ಬೇಡವೇ ಬೇಡ. ಹುಟ್ಟಿದ ಹೆಣ್ಣುಮಗುವಿಗೆ ಮಾತು ಬರುವ ಮುಂಚೆಯೇ ಕಹಿಗೆ ಬೆಲ್ಲ ಸವರುವುದನ್ನು ಕಲಿಸಿರುತ್ತಾರೆ. ಬೆಲ್ಲವೇ ಈಗ ಇಷ್ಟಕ್ಕೆಲ್ಲ ಮೂಲ.

ಶೆಡ್ಡಿನ ಮುಂದೆ ಆಗಲೇ ಒಂದು ಕಾರು ನಿಂತಿತ್ತು. ಎರಡೂ ಮುಕ್ಕಾಲು. ಒಳಗೆ ಇಸ್ತ್ರಿ ಮೇಜಿನ ಮೇಲೆ ಕರಾರಿನ ಹಾಳೆಗಳನ್ನು ಹರಡಿಕೊಂಡು ಮೆಷಿನ್ ಕಂಪನಿಯವನು ಕೂತಿದ್ದ. ಅಕ್ಕ ಎದುರಿಗೆ ನಿಂತಿದ್ದಳು, ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತಾ. ಇವರನ್ನು ಕಂಡದ್ದೇ, ‘ಬನ್ನಿ ಬನ್ನಿ! ಒಳ್ಳೇ ಗಳಿಗೇಲೇ ಬಂದ್ರಿ! ಲೇ, ಮೆಷಿನ್ ಆಫ್ ಮಾಡ್ರೇ!’ ಎಂದಳು. ಸದ್ದು ನಿಂತಿತು. ಹನ್ನೆರಡು ಜನ ಹೆಂಗಸರು ಕೈಯಲ್ಲಿದ್ದ ಮಡಿಕೆ ಹಿಡಿದೇ ಇತ್ತ ತಿರುಗಿದರು.

‘ಅಕ್ಕ, ಒಂದು ನಿಮಿಷ ಈಚೆ ಬರ್ತೀರಾ?’

‘ಇಲ್ಲೇ ಹೇಳಿ ಮೇಡಂ. ಇವರೆಲ್ಲರದ್ದೂ ಇದೇ ಅಲ್ವಾ ಅನ್ನ.’

ಅವಳು ಲಕೋಟೆಯನ್ನು ಕೊಟ್ಟಳು. ಕೊಡುತ್ತಲೇ ಹೇಳಿದಳು: ‘ಈ ಸಲ ಕೆಲಸ ನಿಮಗೆ ಬಂದಿಲ್ಲ ಅಕ್ಕ. ಕಾರಣ ಒಂದೇ. ಕೊಳೆ ಬಟ್ಟೆ ಒಳಗೆ ಬರೋದು, ಒಗೆದದ್ದು ಹೊರಗೆ ಹೋಗೋದು ಒಂದೇ ಬಾಗಿಲಲ್ಲಿ, ಒಂದೇ ಬುಟ್ಟೀಲಿ. ಆಸ್ಪತ್ರೆಗೆ ಅದು ಆಗಲ್ಲ.’

ಅಕ್ಕನ ಮುಖದಲ್ಲಿ ನಗು ಇನ್ನೂ ಇತ್ತು. ಬಂದ ನೆಂಟರು ಹೋದದ್ದು ತಿಳಿಯದೆ ಉಳಿದ ತಟ್ಟೆಯ ಹಾಗೆ. ಅದು ಮೆಲ್ಲಗೆ ಹೋಯಿತು.

‘ಬುಟ್ಟಿ?’ ಎಂದಳು. ‘ಬುಟ್ಟಿಗಾಗಿ ನನ್ನನ್ನು ಬಿಟ್ರಾ?’

‘ದಿನಾ ಒರೆಸ್ತೀವಲ್ಲ!’ ಎಂದಳು ಹಿಂದಿನಿಂದ ಒಬ್ಬಾಕೆ.

‘ಒರೆಸ್ತೀರಿ ಕಣಮ್ಮ, ನಾನೂ ನೋಡಿದ್ದೀನಿ’ ಎಂದರು ಸಿಸ್ಟರು. ‘ಕೀವು, ರಕ್ತ ತಾಗಿದ ಬಟ್ಟೆ ಇಟ್ಟ ಜಾಗಕ್ಕೆ ಒರೆಸೋದು ಸಾಲಲ್ಲ. ಕಣ್ಣಿಗೆ ಕಾಣದ್ದು ಅಂಟ್ಕೊಂಡಿರುತ್ತೆ. ಅದು ಒಗೆದ ಶೀಟಿಗೆ ಹತ್ತಿ, ಶೀಟಿಂದ ಹೊಲಿಗೆ ಹಾಕಿದ ಗಾಯಕ್ಕೆ ಹತ್ತುತ್ತೆ.’

ಅಕ್ಕ ಸಿಸ್ಟರ ಕಡೆ ನೋಡಲಿಲ್ಲ. ಅವಳ ಕಣ್ಣು ಮೂರು ಕೊಟೇಶನ್ ಮೇಲೇ ಇತ್ತು. ‘ಅವತ್ತು ನೀವು ಇದೇ ಜಾಗದಲ್ಲಿ ನಿಂತು ಹೊಗಳಿದ್ರಿ. ಥೇಟ್ ಮನೆ ಥರ ಅಂದ್ರಿ. ಈ ಹೆಣ್ಮಕ್ಕಳೆಲ್ಲ ಅವತ್ತು ಹಬ್ಬ ಬಂದ ಹಾಗೆ ಕುಣಿದ್ರು. ಅವತ್ತೇ ಯಾಕೆ ಹೇಳಲಿಲ್ಲ?’

‘ಪರಿಶೀಲನೆ ನಡೀತಿರುವಾಗ ಒಬ್ಬರಿಗೆ ಹೇಳಿಕೊಡೋ ಹಾಗಿರಲಿಲ್ಲ ಅಕ್ಕ. ಅದು ಸರಿ. ಆದ್ರೆ ಹೊಗಳಬಾರದಿತ್ತು. ಅದು ನನ್ನ ತಪ್ಪು. ಮನೆ ಥರ ಇದ್ದದ್ದು ನಿಜ. ನಾನೂ ಮನೇಲಿ ಹಿಂಗೇ ಮಾಡೋದು. ಮನೆಗೆ ಸರಿ. ಆಸ್ಪತ್ರೆಗೆ ಅದೇ ತೊಡಕು.’

ಮೆಷಿನ್ ಕಂಪನಿಯವನು ಕೆಮ್ಮಿದ. ‘ಅಮ್ಮ, ಇವರು ಹಿಂಗೇ ಏನೋ ಒಂದು ನೆಪ ಹೇಳ್ತಾರೆ. ಒಳಗಿನ ಮಾತು ಏನಂದ್ರೆ ನಿಮ್ಮದು ಚಿಕ್ಕ ಯೂನಿಟ್ಟು. ದೊಡ್ಡ ಮೆಷಿನ್ ಕೂತಿದ್ರೆ ಬುಟ್ಟಿ ಗಿಟ್ಟಿ ಯಾರೂ ನೋಡ್ತಿರಲಿಲ್ಲ. ನೀವು ಸಹಿ ಹಾಕಿ, ಮುಂದಿನ ಸಲ ನೋಡಿ.’ ಪೆನ್ನನ್ನು ಅಕ್ಕನ ಕೈಗೆ ತುರುಕಿದ.

ಅಕ್ಕ ಪೆನ್ನು ಹಿಡಿದಳು.

ಸಹಿ ಹಾಕಬೇಡಿ ಎನ್ನುವ ಹಕ್ಕು ಮೂರು ಕೊಟೇಶನ್‌ಗೆ ಇರಲಿಲ್ಲ. ಅದು ಅಕ್ಕನ ವ್ಯಾಪಾರ.

‘ಮೇಡಂ’ ಎಂದಳು ಅಕ್ಕ, ಕಾಗದದ ಮೇಲೆ ಪೆನ್ನು ಇಟ್ಟುಕೊಂಡೇ. ‘ನನ್ನ ಮಗಳ ತಲೆ ಮೇಲೆ ಕೈ ಇಟ್ಟ ಹಾಗೆ ಹೇಳಿ. ಮೆಷಿನ್ ಚಿಕ್ಕದು ಅಂತ ಬಿಟ್ರಾ?’

‘ಇಲ್ಲ.’

‘ಒಗೆದದ್ದು ಚೆನ್ನಾಗಿರಲಿಲ್ವಾ?’

‘ಇಪ್ಪತ್ತಕ್ಕೆ ಇಪ್ಪತ್ತೂ ಪಾಸಾಗಿತ್ತು. ಮೆಷಿನ್ ಲೆಕ್ಕಕ್ಕೆ ಬರಲೇ ಇಲ್ಲ. ಬಾಗಿಲು, ಬುಟ್ಟಿ. ಅಷ್ಟೇ.’

‘ಬಾಗಿಲು ಒಡೆಸ್ತೀನಿ. ಆ ಹಿಂದಿನ ಗೋಡೇಲಿ. ಒಡೆಸಿದ್ರೆ ಮುಂದಿನ ಸಲ ಕೊಡ್ತೀರಾ?’

ಹನ್ನೆರಡು ಜೊತೆ ಕಣ್ಣು ಅವಳ ಬಾಯಿಯ ಮೇಲೆ. ‘ಹೂಂ’ ಎಂದುಬಿಟ್ಟರೆ ಎಷ್ಟು ಸುಲಭ. ‘ನೋಡೋಣ’ ಎಂದರೆ ಅದಕ್ಕಿಂತ ಸುಲಭ. ಮನೆಯಲ್ಲಿ ಗಂಡ ಹಾಗೇ ಹೇಳುತ್ತಾನೆ. ಬೆಳಿಗ್ಗೆ ಬಟ್ಟೆಯ ಕೆಲಸ ನೀವು ನೋಡಿಕೊಳ್ಳಿ, ನನಗೆ ಬಸ್ಸು ತಪ್ಪುತ್ತದೆ ಎಂದು ಅವಳು ಕೇಳಿ ಎಂಟು ತಿಂಗಳಾಯಿತು. ‘ನೋಡೋಣ.’ ಎಂಟು ತಿಂಗಳೂ ಬೆಳಿಗ್ಗೆ, ಇವತ್ತೇನಾದರೂ ಏಳುತ್ತಾನೆಯೇ ಎಂದು ಅವಳು ನೋಡುತ್ತಲೇ ಇದ್ದಾಳೆ.

‘ಕೊಡ್ತೀನಿ ಅಂತ ಮಾತು ಕೊಡಲ್ಲ ಅಕ್ಕ. ಎರಡು ವರ್ಷ ಆದ ಮೇಲೆ ಮತ್ತೆ ಕರೀತೀವಿ. ನಿಮಗೂ ಕಾಗದ ಬರುತ್ತೆ. ಅವತ್ತು ಯಾರ್ಯಾರು ಬರ್ತಾರೋ, ಹೇಗೋ. ಇದಿಷ್ಟನ್ನೇ ಹೇಳಬಲ್ಲೆ.’

ಅಕ್ಕ ಬೈಯುತ್ತಾಳೆ ಎಂದುಕೊಂಡಳು ಮೂರು ಕೊಟೇಶನ್. ಬೈದಿದ್ದರೆ ಹಗುರಾಗುತ್ತಿತ್ತೇನೋ. ಅಕ್ಕ ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟಳು.

‘ಅಣ್ಣ, ನಿಮ್ಮ ಹಾಳೆ ಎತ್ತಿಡಿ. ಗೋಡೆ ಒಡೆಯೋಕೆ ನಿಮ್ಮ ಮೆಷಿನ್ ಬರಲ್ಲ.’

‘ಅಮ್ಮ, ಈ ದರ ನಾಳೆ ಇರಲ್ಲ...’

‘ನಾಳೆ ನನ್ನ ಮನಸ್ಸೂ ಇರಲ್ಲ. ಎತ್ತಿಡಿ.’

ಆಮೇಲೆ ಪತ್ರದ ಪ್ರತಿಯ ಮೇಲೆ, ತಲುಪಿತೆಂದು, ಮೂರು ಕೊಟೇಶನ್ ತೋರಿಸಿದ ಕಡೆ ಸಹಿ ಹಾಕಿಕೊಟ್ಟಳು. ಕೂರಿ ಎನ್ನಲಿಲ್ಲ. ನೀರು ಕೊಡಲಿಲ್ಲ. ಬಾಗಿಲವರೆಗೆ ಬರಲೂ ಇಲ್ಲ. ‘ಲೇ, ಮೆಷಿನ್ ಹಾಕ್ರೇ’ ಎಂದಷ್ಟೇ ಕೂಗಿದಳು. ಸದ್ದು ಎಲ್ಲವನ್ನೂ ಮುಚ್ಚಿತು.

ಬಸ್ ಸ್ಟಾಪಿನಲ್ಲಿ ಸಿಸ್ಟರು ಡಬ್ಬಿ ತೆರೆದು ಅರ್ಧ ಊಟ ಅವಳ ಮುಂದೆ ಹಿಡಿದರು. ‘ತಿನ್ನು.’

‘ಪರದೆ ಕೆಲಸವನ್ನೂ ಬಿಟ್ಟುಬಿಡ್ತಾಳೇನೋ ಸಿಸ್ಟರ್.’

‘ಬಿಡಬಹುದು’ ಎಂದರು ಸಿಸ್ಟರು. ಅವರೂ ಬೆಲ್ಲ ಸವರಲಿಲ್ಲ.

ಆ ಸಂಜೆ ಮನೆಯಲ್ಲಿ ಬುಟ್ಟಿ ಇಟ್ಟಲ್ಲೇ ಇತ್ತು. ಗಂಡ ಟೀವಿಯ ಮುಂದೆ. ಅವಳು ಬುಟ್ಟಿಯನ್ನು ತಂದು ಟೀವಿಗೂ ಅವನಿಗೂ ನಡುವೆ ಇಟ್ಟಳು.

‘ಬೆಳಿಗ್ಗೆ ಬಟ್ಟೆ ನೀವು ಮಾಡ್ತೀರಾ, ಇಲ್ವಾ? ನೋಡೋಣ ಅನ್ನಬೇಡಿ. ಹೂಂ ಅಥವಾ ಊಹೂಂ. ಊಹೂಂ ಆದ್ರೆ ಒಂದು ಸಾಲು ಕಾರಣ.’

ಗಂಡ ತಬ್ಬಿಬ್ಬಾದ. ಒಳಗಿನಿಂದ ಅತ್ತೆ ಕಿವಿ ಚುರುಕು ಮಾಡಿದ್ದು ಬಳೆಯ ಸದ್ದಿನಲ್ಲೇ ಗೊತ್ತಾಯಿತು.

‘ಏನೇ ಇದು, ಆಫೀಸು ಮನೆಗೂ ಬಂತಾ?’

‘ಒಂದು ಸಾಲು.’

ಅವನು ಬುಟ್ಟಿ ನೋಡಿದ, ಅವಳನ್ನು ನೋಡಿದ. ‘ಮಹಡೀಲಿ ಬಟ್ಟೆ ಹರವುವಾಗ ಎದುರು ಮನೆಯವರು ನೋಡ್ತಾರೆ. ನಾಚಿಕೆಯಾಗುತ್ತೆ’ ಎಂದ ಕೊನೆಗೆ, ಟೀವಿಯ ಕಡೆ ತಿರುಗಿ.

ಅವಳಿಗೆ ಸಿಟ್ಟು ಬರಬೇಕಿತ್ತು, ಬಂತು ಕೂಡ. ಅದರ ಹಿಂದೆಯೇ ಏನೋ ಸಡಿಲವಾಯಿತು. ಎಂಟು ತಿಂಗಳಲ್ಲಿ ಮೊದಲ ಸಲ ಕೈಗೆ ಹಿಡಿಯಲು ಒಂದು ಕಾರಣ ಸಿಕ್ಕಿತ್ತು. ‘ಸರಿ. ಹರವೋದು ನಾನು. ಕೆಳಗೆ ಒಗೆದು ಹಿಂಡೋದು ನೀವು. ಅಲ್ಲಿ ಎದುರು ಮನೆ ಇಲ್ಲ’ ಎಂದಳು. ಅವನು ನೋಡೋಣ ಎನ್ನಲು ಬಾಯಿ ತೆರೆದು ಮುಚ್ಚಿಕೊಂಡ.

ಗುರುವಾರ ಪರದೆಗಳು ಬರುವ ದಿನ. ಹತ್ತು ಗಂಟೆಗೆ ಬರುವ ವ್ಯಾನು ಹತ್ತೂವರೆಯಾದರೂ ಬರಲಿಲ್ಲ. ಅವಳು ಎರಡು ಸಲ ಕಿಟಕಿಗೆ ಹೋಗಿ ಬಂದಳು. ಹನ್ನೊಂದಕ್ಕೆ ಹಿಂದಿನ ಗೇಟಿನಿಂದ ಸಿಸ್ಟರ ಫೋನು: ‘ಕೆಳಗೆ ಬಾ.’

ವ್ಯಾನು ನಿಂತಿತ್ತು. ಅಕ್ಕ ತಾನೇ ಬಂದಿದ್ದಳು. ಅವಳ ಹೆಂಗಸರಿಬ್ಬರು ಮಡಚಿದ ಪರದೆಗಳ ಬುಟ್ಟಿ ಇಳಿಸುತ್ತಿದ್ದರು. ಹೊಸ ಬುಟ್ಟಿ, ಹಿಡಿಕೆಗೆ ಬಿಳಿ ಬಟ್ಟೆಯ ಚೂರು ಕಟ್ಟಿತ್ತು. ವ್ಯಾನಿನ ಇನ್ನೊಂದು ಮೂಲೆಯಲ್ಲಿ, ಅಡ್ಡ ಹಲಗೆಯ ಆಚೆ, ಹಳೆಯ ಬುಟ್ಟಿ. ಅದಕ್ಕೆ ಕೆಂಪು ಚೂರು. ವಾರ್ಡಿನಿಂದ ಬಂದ ಕೊಳೆ ಪರದೆಗಳನ್ನು ಅದರೊಳಗೆ ಹಾಕಿಸಿಕೊಂಡಳು.

ಮೂರು ಕೊಟೇಶನ್ ಎದುರಿಗೆ ಬಂದು ನಿಂತಳು. ಹೊಗಳಿಕೆ ನಾಲಿಗೆಯ ತುದಿಗೇ ಬಂತು. ನುಂಗಿಕೊಂಡು ಪರದೆಗಳನ್ನು ಎಣಿಸಿದಳು, ಚೀಟಿಗೆ ಸಹಿ ಹಾಕಿದಳು.

‘ಮೂವತ್ತಾರು. ಸರಿಯಾಗಿದೆ.’

‘ಪರದೆಗೆ ಇದೆಲ್ಲ ಬೇಕೋ ಬೇಡವೋ ಗೊತ್ತಿಲ್ಲ’ ಎಂದಳು ಅಕ್ಕ, ಬೇರೆ ಕಡೆ ನೋಡುತ್ತಾ. ‘ಹುಡುಗೀರಿಗೆ ಕೈ ಪಳಗಲಿ ಅಂತ. ಎರಡು ವರ್ಷ ಟೈಮಿದೆಯಲ್ಲ.’ ವ್ಯಾನಿನ ಬಾಗಿಲು ಎಳೆದುಕೊಂಡಳು. ಏನೋ ನೆನಪಾದವಳಂತೆ ಮತ್ತೆ ಅರ್ಧ ತೆರೆದಳು.

‘ಮೇಡಂ, ನಿಮ್ಮ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಅದನ್ನೂ ಹೇಳಿಬಿಡ್ತೀನಿ, ಮನಸ್ಸಲ್ಲಿಟ್ಕೊಂಡು ಯಾಕೆ.’

‘ಇರಲಿ ಅಕ್ಕ.’

‘ಮುಂದಿನ ಗುರುವಾರ ಎರಡನೇ ಮಹಡಿ ಪರದೆ ರೆಡಿ ಇಡಿಸಿ’ ಎಂದು ಅಕ್ಕ ಬಾಗಿಲು ಹಾಕಿಕೊಂಡಳು.